ಕಣ್ಣಿನ ಗುಳಿಯ ತಳದಲ್ಲಿ ಕಾಣುವ ತೂತು

ಪ್ರಶ್ನೆ: ತಲೆಯ ಸಿಟಿ ಸ್ಕ್ಯಾನನ್ನು 3D Slicer ನಲ್ಲಿ 226ರ ಥ್ರೆಶೋಲ್ಡ್ ಇಟ್ಟು ಮಾಡೆಲ್ ಮಾಡಿದೆ. ಎರಡೂ ಕಣ್ಣಿನ ಗುಳಿಯ ತಳದಲ್ಲಿ ದೊಡ್ಡ ತೂತು! ಸ್ಮೂತ್ ಮಾಡಿದರೆ ಇನ್ನೂ ದೊಡ್ಡದಾಗುತ್ತೆ. ಮೂಳೆ ಒಡೆದಿದೆಯಾ?

ಎರಡೂ ಕಡೆ ಇದ್ದರೆ ಬಹುಶಃ ಒಡೆದಿಲ್ಲ. ಆದರೆ ಅದನ್ನು ಮಾಡೆಲ್ ನೋಡಿ ತೀರ್ಮಾನಿಸಬೇಡಿ, ರೇಡಿಯಾಲಜಿ ವರದಿ ಓದಿ. ನಾನು ಮೊದಲು ಪ್ರಿಂಟ್ ಮಾಡಿದ ತಲೆಬುರುಡೆಗೂ ಹೀಗೇ ಆಗಿತ್ತು. ಸರ್ಜನ್ ಅದರೊಳಗೆ ಹೆಬ್ಬೆರಳು ತೂರಿಸಿ ಸುಮ್ನೆ ನಕ್ಕರು.

ಗುಳಿಯ ತಳದ ಮೂಳೆ ಕಾಗದದಷ್ಟು ತೆಳು. ಸ್ಲೈಸ್ 1 ಮಿ.ಮೀ. ಇದೆ, ಮೂಳೆ 0.4 ಮಿ.ಮೀ. ಇದೆ ಅಂದುಕೊಳ್ಳಿ. ಸಿಟಿಯಲ್ಲಿ ಸಾಂದ್ರತೆ ತೋರಿಸುವ ಅಂಕ ಹೌನ್ಸ್‌ಫೀಲ್ಡ್, ಮೂಳೆಗೆ ಅದನ್ನು 1000 ಹಿಡಿಯೋಣ. ಮೇಲಿನ ಕೊಬ್ಬು ಸುಮಾರು -100, ಕೆಳಗಿನ ಸೈನಸ್‌ನ ಗಾಳಿ -1000. ಒಂದೇ ವೋಕ್ಸೆಲ್‌ನಲ್ಲಿ, ಅಂದರೆ ಸ್ಕ್ಯಾನಿನ ಒಂದು ಪುಟ್ಟ ಚೌಕದ ತುಂಡಿನಲ್ಲಿ, ಮೂರೂ ಬೆರೆತರೆ ಸರಾಸರಿ ಹೀಗೆ ಬರುತ್ತೆ:

```
0.4×1000 + 0.3×(-100) + 0.3×(-1000) = 70
```

ಮೂಳೆ ಅಲ್ಲೇ ಇದೆ, ಅಂಕ ಮಾತ್ರ 70. ಥ್ರೆಶೋಲ್ಡ್ ತನಗಿಂತ ಕಡಿಮೆ ಅಂಕದ್ದನ್ನೆಲ್ಲ ಬಿಡುತ್ತೆ, ಹಾಗಾಗಿ ನಿಮ್ಮ 226 ಅದನ್ನು ಹೊರಗೆ ಹಾಕಿತು.

ಹಾಗಂತ ಇಡೀ ತಲೆಗೆ ಥ್ರೆಶೋಲ್ಡ್ 50ಕ್ಕೆ ಇಳಿಸಿದರೆ ಸ್ನಾಯು, ರಕ್ತ ಎಲ್ಲ ಮೂಳೆಯ ಜೊತೆ ಅಂಟಿಕೊಂಡು ಬರುತ್ತೆ. ನಾನು ಬುರುಡೆಯನ್ನು 226ರಲ್ಲೇ ಬಿಟ್ಟು, ತಳಕ್ಕೆ ಮಾತ್ರ ಬೇರೆ ದಾರಿ ಹಿಡಿಯುತ್ತೇನೆ. Threshold ನಲ್ಲಿ ಕೆಳಮಿತಿ 50 ಇಟ್ಟು Use for masking ಒತ್ತಿ, ಸಣ್ಣ ಬ್ರಶ್‌ನಿಂದ Paint ಮಾಡಿ. ಕೊಬ್ಬಿಗೂ ಗಾಳಿಗೂ ಬಣ್ಣ ಹತ್ತುವುದಿಲ್ಲ. ಆದರೆ ಸ್ನಾಯುವಿಗೆ ಹತ್ತುತ್ತೆ, ಹಾಗಾಗಿ ಮುಖದ ಎದುರಿನಿಂದ ನೋಡುವ ಕೊರೋನಲ್ ನೋಟದಲ್ಲಿ ಮೂಳೆಯ ಗೆರೆ ಹಿಡಿದೇ ಹೋಗಿ. ಬೇಸರದ ಕೆಲಸ, ಅರ್ಧ ಗಂಟೆ ಬೇಕು.

ಇನ್ನು ಸ್ಮೂತಿಂಗ್. Median ಅಂದರೆ ಸುತ್ತಲಿನವರ ಬಹುಮತ. 3×3×3ರ ಗುಂಪಿನಲ್ಲಿ 27 ವೋಕ್ಸೆಲ್ ಇರುತ್ತವೆ. ಒಂದೇ ವೋಕ್ಸೆಲ್ ದಪ್ಪದ ಹಾಳೆಗೆ ಅದರಲ್ಲಿ 9 ಮತ ಅಷ್ಟೇ, ಸೋತು ಅಳಿಸಿಹೋಗುತ್ತೆ. ನಿಮ್ಮ ತೂತು ಬೆಳೆದದ್ದು ಹೀಗೆ. ಅದರ ಬದಲು Closing ಬಳಸಿ, ಅದು ಸಣ್ಣ ತೂತು ಮುಚ್ಚುತ್ತೆ. ಆಮೇಲೆ ಮೇಲ್ಮೈಗೆ ಮಾತ್ರ ಹಗುರವಾಗಿ ಸ್ಮೂತಿಂಗ್ ಕೊಡಿ. ಪ್ರತಿ ಸಲವೂ ಅಂಚಿನ ಗೆರೆಯನ್ನು ಮೂಲ ಸ್ಲೈಸ್ ಮೇಲೆ ಇಟ್ಟು ನೋಡಿ. ಗೆರೆ ಮೂಳೆಯ ಒಳಗೆ ಸರಿದಿದ್ದರೆ ಜಾಸ್ತಿ ಆಯ್ತು ಅಂತ ಅರ್ಥ.

ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಸ್ಮೂತಿಂಗ್‌ನಿಂದ ಮುಚ್ಚಬೇಡಿ. 5 ಮಿ.ಮೀ. ಸೀರೀಸ್ ತೆರೆದಿದ್ದೀರಿ ಅನ್ಸುತ್ತೆ. ಸ್ಕ್ಯಾನ್ ಸೆಂಟರ್‌ನಲ್ಲಿ 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್ ಇದೆಯಾ ಕೇಳಿ.

ಕೊನೆಗೆ ಪ್ರಿಂಟ್. 0.4 ಮಿ.ಮೀ. ಹಾಳೆ ಕೈ ತಾಗಿದರೆ ಮುರಿಯುತ್ತೆ, ಸುಮಾರು 1 ಮಿ.ಮೀ. ದಪ್ಪ ಬೇಕು. ಆ ದಪ್ಪವನ್ನು ಸೈನಸ್ ಕಡೆಗೆ ಮಾತ್ರ ಸೇರಿಸಿ, Paint ನಿಂದಲೇ, ಮಾಸ್ಕಿಂಗ್ ತೆಗೆದು. Margin ಒತ್ತಿದರೆ ಎರಡೂ ಕಡೆ ಬೆಳೆಯುತ್ತೆ. ಸರ್ಜನ್ ಟೈಟಾನಿಯಂ ಜಾಲರಿಯನ್ನು ಬಗ್ಗಿಸಿ ಕೂರಿಸುವುದು ಕಣ್ಣಿನ ಕಡೆಯ ಮೇಲ್ಮೈ ಮೇಲೆ. ಅಲ್ಲಿ ಅರ್ಧ ಮಿಲಿಮೀಟರ್ ಏರಿದರೂ ಜಾಲರಿ ಅಷ್ಟೇ ಏರುತ್ತೆ, ಅಲ್ವಾ?