ಚಪ್ಪಟೆ ಪಾದಕ್ಕೆ ಮೆತ್ತನೆಯ ಶೂ ಯಾಕೆ ಆಗಿಬರುವುದಿಲ್ಲ?

ಪ್ರಶ್ನೆ: ನನಗೆ 46 ವರ್ಷ, ತೂಕ 74 ಕೆ.ಜಿ. ಚಿಕ್ಕಂದಿನಿಂದಲೂ ಎರಡೂ ಪಾದ ಚಪ್ಪಟೆ, ಆದರೆ ತೊಂದರೆ ಇರಲಿಲ್ಲ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ್ದರಿಂದ ದಿನಾ ಬೆಳಿಗ್ಗೆ ಕಾಂಕ್ರೀಟ್ ರಸ್ತೆಯಲ್ಲಿ 4–5 ಕಿ.ಮೀ. ನಡೆಯುತ್ತೇನೆ. ಅದಕ್ಕೆಂದೇ ಮೆಮೊರಿ ಫೋಮ್ ಇರುವ ಮೆತ್ತನೆಯ ಶೂ ಕೊಂಡೆ. ಎರಡು ತಿಂಗಳಲ್ಲಿ ಎರಡೂ ಕಣಕಾಲಿನ ಒಳಬದಿ ನೋಯತೊಡಗಿದೆ, ಕಿರುಬೆರಳಿನ ಪಕ್ಕ ಬೊಬ್ಬೆಯೂ ಬಂದಿದೆ. ಎತ್ತರದ ಆರ್ಚ್ ಸಪೋರ್ಟ್ ಇರುವ ರನ್ನಿಂಗ್ ಶೂನೇ ಬೇಕು ಅಂತ ಅಂಗಡಿಯವರು ಹೇಳುತ್ತಾರೆ. ನಡೆಯೋಕೆ ಅದು ಬೇಕೇ? ಹೇಗೆ ಆರಿಸಲಿ?
— ಓದುಗರು, ದಾವಣಗೆರೆ

ಉತ್ತರ: ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ಸರಿ. ನಡಿಗೆಗೆ ರನ್ನಿಂಗ್ ಶೂ ಚೆನ್ನಾಗಿಯೇ ಒಗ್ಗುತ್ತದೆ. ಎತ್ತರದ ಆರ್ಚ್ ಮಾತ್ರ ನಿಮಗೆ ಬೇಕಾಗಲಾರದು. ನಿಮ್ಮ ನೋವಿಗೆ ಕಮಾನು ಇಲ್ಲದಿರುವುದಕ್ಕಿಂತ ಆ ಮೆತ್ತನೆಯ ಫೋಮೇ ಹೆಚ್ಚು ಕಾರಣ ಎಂದು ನನ್ನ ಅಂದಾಜು.

ಚಪ್ಪಟೆ ಪಾದದಲ್ಲಿ ಮೈಭಾರ ಪಾದದ ಒಳಅಂಚಿನ ಕಡೆ ಹೆಚ್ಚು ಬೀಳುತ್ತದೆ. ಫೋಮ್ ತೀರಾ ಮೆದುವಾಗಿದ್ದರೆ ಭಾರ ಬಿದ್ದ ಆ ಬದಿಯೇ ಹೆಚ್ಚು ಕುಸಿಯುತ್ತದೆ, ಹಿಮ್ಮಡಿ ಇನ್ನಷ್ಟು ಒಳಕ್ಕೆ ವಾಲುತ್ತದೆ. ಕಣಕಾಲಿನ ಒಳಗಂಟಿನ ಹಿಂದಿನಿಂದ ಅಂಗಾಲಿನ ತನಕ ಇಳಿಯುವ ಒಂದು ಸ್ನಾಯುರಜ್ಜು ಪಾದವನ್ನು ಮೇಲೆತ್ತಿ ಹಿಡಿದಿರುತ್ತದೆ. ಪ್ರತಿ ಹೆಜ್ಜೆಗೂ ಅದು ಹೆಚ್ಚು ಎಳೆಯಬೇಕಾಗಿ ಬಂದರೆ ಅಲ್ಲೇ ನೋವು ಶುರುವಾಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡುವಾಗ ಹಿತವೆನಿಸಿದ ಶೂ, ಮೂರನೇ ಕಿಲೋಮೀಟರಿನಲ್ಲಿ ಕಾಲನ್ನು ದಣಿಸುವುದು ಹೀಗೆ. ಹಳೆಯ ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ಭಾಗ ಒಳಕ್ಕೆ ವಾಲಿದ್ದರೆ ನಾನು ಹೇಳುತ್ತಿರುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆ ಹಿಡಿದು ಬರಿಗಾಲಲ್ಲಿ ತುದಿಗಾಲ ಮೇಲೆ ನಿಲ್ಲಿ, ಮನೆಯವರು ಯಾರಾದರೂ ಹಿಂದಿನಿಂದ ನೋಡಲಿ. ಆಗ ಅಂಗಾಲಿನಲ್ಲಿ ಕಮಾನು ಮೂಡಿ ಹಿಮ್ಮಡಿ ನೆಟ್ಟಗಾದರೆ ನಿಮ್ಮದು ಬಾಗುವ ಚಪ್ಪಟೆ ಪಾದ. ಬಹಳ ಮಂದಿಗೆ ಇರುವುದು ಇದೇ, ಇದಕ್ಕೆ ಒಳ್ಳೆಯ ಶೂ ಸಾಕು. ಕಮಾನು ಮೂಡದೆ ಪಾದ ಹಾಗೇ ಬಿಗಿಯಾಗಿದ್ದರೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗದಿದ್ದರೆ, ಅಥವಾ ಒಂದು ಪಾದ ಮಾತ್ರ ಇತ್ತೀಚೆಗೆ ಹೆಚ್ಚು ಚಪ್ಪಟೆಯಾಗಿ ಒಳಗಂಟಿನ ಸುತ್ತ ಊತವಿದ್ದರೆ ಮೊದಲು ಮೂಳೆತಜ್ಞರ ಬಳಿ ಹೋಗಿ. ಅದು ಆ ಸ್ನಾಯುರಜ್ಜುವೇ ಸೋಲುತ್ತಿರುವ ಲಕ್ಷಣ ಇರಬಹುದು. ಶೂ ಬದಲಿಸುತ್ತ ಕೂತರೆ ಚಿಕಿತ್ಸೆ ತಡವಾಗುತ್ತದೆ.

ಒದ್ದೆ ಪಾದದ ಗುರುತು ನೋಡಿ ಶೂ ಆರಿಸುವ ಪದ್ಧತಿ ನಿಮಗೂ ಗೊತ್ತಿರಬಹುದು. ಅಮೆರಿಕದ ಸೇನೆಯವರು ಹೊಸದಾಗಿ ಸೇರಿದವರ ಮೇಲೆ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ಅಂಗಾಲಿನ ಆಕಾರ ನೋಡಿ ಶೂ ಕೊಟ್ಟ ಗುಂಪಿಗೂ, ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗೂ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅಂಗಡಿಯ ಯಂತ್ರದ ಮೇಲೆ ನಿಲ್ಲಿಸಿ ಬಣ್ಣಬಣ್ಣದ ಪಾದ ತೋರಿಸಿದರೆ ನೋಡಿ ಖುಷಿಪಡಿ, ಆದರೆ ದುಡ್ಡು ಕೊಡುವ ನಿರ್ಧಾರವನ್ನು ಅದಕ್ಕೆ ಬಿಡಬೇಡಿ.

ಕೈಯಲ್ಲಿ ಹಿಡಿದು ನೋಡಬೇಕಾದದ್ದು ಬೇರೆ. ಹಿಮ್ಮಡಿಯ ಹಿಂದಿನ ಗೋಡೆಯನ್ನು ಎರಡು ಬೆರಳಲ್ಲಿ ಒತ್ತಿದರೆ ಅದು ಸುಲಭಕ್ಕೆ ಕುಸಿಯಬಾರದು. ಮುಂದೆ ಒಂದು ಕೈ, ಹಿಂದೆ ಒಂದು ಕೈ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದರೆ ಸ್ವಲ್ಪ ಮಾತ್ರ ತಿರುಗಬೇಕು. ಮೂತಿಯನ್ನು ಮೇಲಕ್ಕೆ ಒತ್ತಿದಾಗ ಬೆರಳಿನ ಬುಡ ಬರುವ ಜಾಗದಲ್ಲಿ ಬಾಗಬೇಕು, ನಡುವಿನಲ್ಲಿ ಮಡಚಿಕೊಳ್ಳುವ ಶೂ ನಿಮಗಲ್ಲ. ಹಿಮ್ಮಡಿಯ ಕೆಳಗಿನ ಫೋಮನ್ನು ಪಕ್ಕದಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಒತ್ತಿದರೆ ಬಗ್ಗಿ, ಬಿಟ್ಟ ಕೂಡಲೇ ಹಿಂದಕ್ಕೆ ಬರುವಷ್ಟು ಗಟ್ಟಿ ಇದ್ದರೆ ಸರಿ. ಕಾಂಕ್ರೀಟಿನ ಮೇಲೆ ಕುಷನ್ ಬೇಕೇ ಬೇಕು, ಆದರೆ ತಳ ಅಗಲವಾಗಿರಬೇಕು. ತೀರಾ ಎತ್ತರದ ಕಿರಿದಾದ ತಳದ ಮೇಲೆ ಪಾದ ತೂಗಾಡುತ್ತದೆ. ಕಾರ್ಬನ್ ಪ್ಲೇಟ್ ಇರುವ ರೇಸಿಂಗ್ ಶೂಗಳ ಕಡೆ ನೋಡಲೂ ಬೇಡಿ.

ಕಂಪನಿಗಳು ಇಂಥವನ್ನು ‘ಸ್ಟೆಬಿಲಿಟಿ’ ಎಂಬ ಹೆಸರಲ್ಲಿ ಮಾರುತ್ತವೆ. ಆಸಿಕ್ಸ್‌ನ ಜಿಟಿ-2000, ಬ್ರೂಕ್ಸ್‌ನ ಅಡ್ರಿನಲಿನ್ ಜಿಟಿಎಸ್, ನ್ಯೂ ಬ್ಯಾಲೆನ್ಸ್‌ನ 860 ಈ ಬಗೆಯವು. ಹೆಸರು ಹೇಳಿದ್ದು ಅಂಗಡಿಯಲ್ಲಿ ಕೇಳಲು ಸುಲಭವಾಗಲಿ ಎಂದು. ಮೇಲಿನ ಪರೀಕ್ಷೆಗಳಲ್ಲಿ ಪಾಸಾಗುವ ಸಾಮಾನ್ಯ ಶೂ ಸಿಕ್ಕರೂ ನನ್ನ ಅಭ್ಯಂತರವಿಲ್ಲ.

ನಿಮ್ಮ ಬೊಬ್ಬೆಗೆ ಕಾರಣ ಅಳತೆ. ಚಪ್ಪಟೆ ಪಾದ ಭಾರ ಬಿದ್ದಾಗ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ, ಕೂತು ಅಳತೆ ಕೊಟ್ಟರೆ ಸೈಜ್ ತಪ್ಪುತ್ತದೆ. ಸಂಜೆ, ಪಾದ ತುಸು ಊದಿಕೊಂಡಿರುವಾಗ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು ಎರಡೂ ಪಾದ ಅಳೆಯಿರಿ. ಎಡದ್ದು 243 ಮಿ.ಮೀ., ಬಲದ್ದು 247 ಬಂತು ಎಂದಿಟ್ಟುಕೊಳ್ಳಿ. ದೊಡ್ಡದನ್ನೇ ಹಿಡಿದು ಮುಂದೆ ಸುಮಾರು 10–12 ಮಿ.ಮೀ. ಜಾಗ ಸೇರಿಸಿದರೆ ಶೂ ಒಳಗಿನ ಉದ್ದ 258ರ ಆಸುಪಾಸು ಇರಬೇಕು. ಯುಕೆ ಲೆಕ್ಕದಲ್ಲಿ ಅದು ಐದೂವರೆ. ಕೂತು ಅಳೆದವರು ನಿಮಗೆ ಐದನ್ನು ಕೊಟ್ಟಿರಲಿಕ್ಕೂ ಸಾಕು. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಇದು ಬದಲಾಗುವುದರಿಂದ ಒಳಗಿನ ಇನ್ಸೋಲ್ ಹೊರತೆಗೆದು ಅದರ ಮೇಲೆ ನಿಂತುಬಿಡಿ. ಪಾದದ ಅಂಚು ಪಕ್ಕಕ್ಕೆ ಚೆಲ್ಲಿದರೆ ಆ ಶೂ ಕಿರಿದು. ಆಗ ಅಂಗಡಿಯವರು ಒಂದು ಸೈಜ್ ದೊಡ್ಡದು ಕೊಡಲು ನೋಡುತ್ತಾರೆ, ಒಪ್ಪಬೇಡಿ. ಉದ್ದ ಹೆಚ್ಚಾದರೆ ಹಿಮ್ಮಡಿ ಜಾರುತ್ತದೆ, ಶೂ ಬಾಗುವ ಜಾಗವೂ ಬೆರಳಿನ ಬುಡದಿಂದ ಮುಂದೆ ಹೋಗುತ್ತದೆ. ‘ವೈಡ್’ ಅಳತೆ ಕೇಳಿ, ಇಲ್ಲದಿದ್ದರೆ ಅದೇ ಉದ್ದದ ಗಂಡಸರ ಶೂ ಹಾಕಿ ನೋಡಿ. ಹೆಂಗಸರ ಶೂಗಿಂತ ಅದು ಸಾಮಾನ್ಯವಾಗಿ ಅಗಲ. ಬಣ್ಣ ನೋಡಿ ಮನೆಯಲ್ಲಿ ನಗುವವರು ನಗಲಿ.

ಇನ್ನು ಆರ್ಚ್. ಮೆಲ್ಲಗೆ ತಾಗುವಷ್ಟಿದ್ದರೆ ಸಾಕು. ಎಂದೂ ಕಮಾನು ಇಲ್ಲದ ಅಂಗಾಲಿನ ಕೆಳಗೆ ಗಟ್ಟಿ ಉಬ್ಬು ಇಟ್ಟರೆ ಅಲ್ಲಿ ಹೊಸ ನೋವು ಹುಟ್ಟುತ್ತದೆ, ಅಂಗಡಿಯಲ್ಲೇ ಚುಚ್ಚಿದಂತಾದರೆ ಬಿಟ್ಟುಬಿಡಿ. ಮೊದಲು ಶೂ ಮಾತ್ರ ಹಾಕಿ ಮೂರು ವಾರ ನಡೆದು ನೋಡಿ, ಮೊದಲ ವಾರ 2 ಕಿ.ಮೀ.ಗೆ ನಿಲ್ಲಿಸಿ. ಒಳಗಂಟಿನ ನೋವು ಉಳಿದರೆ ಆಗ ಅರೆಗಟ್ಟಿಯ ಸಿದ್ಧ ಇನ್ಸೋಲ್ ತಂದು, ಶೂ ಜೊತೆ ಬಂದದ್ದನ್ನು ತೆಗೆದು ಅದರ ಜಾಗಕ್ಕೆ ಹಾಕಿ. ಎರಡನ್ನೂ ಒಟ್ಟಿಗೆ ಇಟ್ಟರೆ ಹಿಮ್ಮಡಿ ಮೇಲೆದ್ದು ಶೂನಿಂದ ಕಳಚಿಕೊಳ್ಳುತ್ತದೆ. ಮೊದಲ ದಿನ ಒಂದು ಗಂಟೆ, ಆಮೇಲೆ ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ.

ಇನ್ಸೋಲ್ ಹಾಕಿದರೆ ಕಮಾನು ಬೆಳೆದೀತೇ ಎಂದು ಅನೇಕರು ಕೇಳುತ್ತಾರೆ. ದೊಡ್ಡವರಲ್ಲಿ ಬೆಳೆಯುವುದಿಲ್ಲ. ಮಣಿಪಾಲದ ಮೂಳೆತಜ್ಞರು 2,300 ಮಕ್ಕಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನ ಮಕ್ಕಳಲ್ಲಿ ಶೇ 2.8 ಇತ್ತು. ಅದು ಪಾದ ಬೆಳೆಯುವ ವಯಸ್ಸಿನ ಮಾತು. ನಿಮ್ಮ ವಯಸ್ಸಿನಲ್ಲಿ ಬರಿಗಾಲಲ್ಲಿ ನಡೆದು ಕಮಾನು ತರಿಸಿಕೊಳ್ಳಲು ಹೋಗಬೇಡಿ. ನೋವಿರುವಷ್ಟು ದಿನ ಮನೆಯ ಟೈಲ್ಸ್ ಮೇಲೂ ಗಟ್ಟಿ ತಳದ ಚಪ್ಪಲಿ ಇರಲಿ. ಬೊಬ್ಬೆಯನ್ನು ಒಡೆಯಬೇಡಿ. ಶುಗರ್ ಗಡಿಯಲ್ಲಿರುವುದರಿಂದ ವಾರದಲ್ಲಿ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ.

ಶೂನ ಫೋಮ್ ಸುಮಾರು 500ರಿಂದ 800 ಕಿ.ಮೀ. ತಾಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ನಾಲ್ಕರಿಂದ ಆರು ತಿಂಗಳು. ಮೇಲ್ಭಾಗ ಹೊಸದರಂತೆ ಕಂಡರೂ, ಮೇಜಿನ ಮೇಲಿಟ್ಟಾಗ ಹಿಮ್ಮಡಿ ಒಳಕ್ಕೆ ವಾಲತೊಡಗಿದರೆ ಅದನ್ನು ನಡಿಗೆಗೆ ಬಳಸದೆ ತರಕಾರಿ ತರುವುದಕ್ಕೆ ಇಟ್ಟುಕೊಳ್ಳಿ.