7 ಎಂಬಿ ಪಿಡಿಎಫ್ ಮೇಲ್‌ನಲ್ಲಿ ಹೋಗುವಾಗ 10 ಎಂಬಿ ಆಗುವುದು ಏಕೆ?

ಪ್ರಶ್ನೆ: ನನ್ನ ಪಿಡಿಎಫ್ 7.3 ಎಂಬಿ ಅಷ್ಟೇ ಇದೆ. 10 ಎಂಬಿವರೆಗೆ ಕಳಿಸಬಹುದು ಅಂತಾರೆ. ಆದರೂ ಸೈಜ್ ಜಾಸ್ತಿ ಅಂತ ವಾಪಸ್ ಬಂತು. ಸೆಂಟ್ ಫೋಲ್ಡರ್‌ನಲ್ಲಿ ಅದೇ ಮೇಲ್ 10 ಎಂಬಿ ಹತ್ತಿರ ತೋರಿಸುತ್ತಿದೆ. ಫೈಲ್ ಹೇಗೆ ಉಬ್ಬಿತು?

ಹಾಸನದ ಒಂದು ಕಾಫಿ ಕ್ಯೂರಿಂಗ್ ಕಂಪನಿಯಲ್ಲಿ ಕಂಪ್ಯೂಟರು, ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಇದೇ ವಿಷಯಕ್ಕೆ ನಮ್ಮ ಅಕೌಂಟ್ಸ್ ಮೇಡಂ ಒಮ್ಮೆ ನನ್ನ ಟೇಬಲ್ ಹತ್ತಿರ ಬಂದು ನಿಂತಿದ್ದರು. ಸಕಲೇಶಪುರ ಕಡೆಯ ತೋಟದವರೊಬ್ಬರು ಪಹಣಿ, ಮ್ಯುಟೇಷನ್ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದ್ದ ಪಿಡಿಎಫ್ ನಮ್ಮ ಸರ್ವರ್ ಬಾಗಿಲಿನಿಂದಲೇ ವಾಪಸ್ ಹೋಗಿತ್ತು. "ಏಳು ಚಿಲ್ಲರೆ ಎಂಬಿ ಫೈಲು ಕಣ್ರೀ, ಹತ್ತರಲ್ಲಿ ಯಾಕೆ ಹಿಡಿಸಲ್ಲ?" ಅಂದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇದನ್ನು ಚೀಲದ ತೂಕ ಅಂದುಕೊಂಡಿದ್ದೆ. ಕಾಫಿ ತೂಗುವಾಗ ಚೀಲದ್ದೂ ಸೇರುತ್ತಲ್ವಾ, ಹಾಗೆ. ಆದರೆ ಮೇಲ್‌ನ ಚೀಲ, ಅಂದರೆ ಯಾರಿಂದ, ಯಾರಿಗೆ, ಯಾವ ದಾರಿಯಲ್ಲಿ ಬಂತು ಅನ್ನುವ ವಿವರ, ಕೆಲವು ಸಾವಿರ ಬೈಟ್ ಅಷ್ಟೇ. ಇಲ್ಲಿ ಉಬ್ಬುವುದು ಒಳಗಿನ ಕಾಳೇ.

ನಾವು ಅಟ್ಯಾಚ್‌ಮೆಂಟ್ ಅಂದರೆ ಕಾಗದಕ್ಕೆ ಪಿನ್ ಹಾಕಿ ಸಿಕ್ಕಿಸಿದ ಇನ್ನೊಂದು ಹಾಳೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಮೇಲ್ ಅನ್ನುವುದು ತಲೆಯಿಂದ ಬಾಲದವರೆಗೆ ಒಂದೇ ಉದ್ದನೆಯ ಬರಹ. ನಿಮ್ಮ ಫೈಲನ್ನೂ ಅಕ್ಷರಗಳಾಗಿ ಬರೆದು ಅದರೊಳಗೇ ತುಂಬಿರುತ್ತಾರೆ. ಬೇಕಾದರೆ ಮೇಲ್ ತೆರೆದು `Show original` ಅಥವಾ `View source` ಒತ್ತಿ ನೋಡಿ. ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ:

```
Content-Type: application/pdf; name="pahani.pdf"
Content-Transfer-Encoding: base64
Content-Disposition: attachment; filename="pahani.pdf"

JVBERi0xLjQK...
```

ಆ ಕೊನೆಯ ಸಾಲೇ ಪಹಣಿ. ಮುಂದೆ ಲಕ್ಷಗಟ್ಟಲೆ ಸಾಲು ಇದೇ ಥರ ಇರುತ್ತದೆ. ಪಿಡಿಎಫ್ ಯಾವಾಗಲೂ `JVBER` ಅಂತಲೇ ಶುರುವಾಗುತ್ತದೆ, ಏಕೆಂದರೆ ಫೈಲಿನ ಮೊದಲ ಅಕ್ಷರಗಳು `%PDF` ಆಗಿರುತ್ತವೆ. ಜೆಪೆಗ್ ಫೋಟೋ ಆದರೆ `/9j/` ಅಂತ ಶುರು. ನೋಡಿ ನೋಡಿ ನನಗೆ ಈಗ ಇವು ಬಸ್ಸಿನ ಬೋರ್ಡ್ ಓದಿದಷ್ಟು ಸಲೀಸು.

ಇಷ್ಟೆಲ್ಲ ತಿರುಚುವುದು ಏಕೆ? 1982ರಲ್ಲಿ ಮೇಲ್ ಸಾಗಿಸುವ ನಿಯಮ ಬರೆದಾಗ ಇಂಗ್ಲಿಷ್ ಬರಹ ಸಾಗಿದರೆ ಸಾಕಾಗಿತ್ತು. ಒಂದು ಅಕ್ಷರಕ್ಕೆ 7 ಬಿಟ್, ಒಂದು ಸಾಲು 1,000 ಅಕ್ಷರ ಮೀರುವ ಹಾಗಿಲ್ಲ. ಪಿಡಿಎಫ್‌ನಲ್ಲೋ ಪ್ರತಿ ಬೈಟ್‌ಗೆ 8 ಬಿಟ್. ಅದನ್ನು ಹಸಿಯಾಗಿ ಕಳಿಸಿದರೆ ದಾರಿಯಲ್ಲಿನ ಯಾವುದೋ ಹಳೇ ಸರ್ವರ್ ಎಂಟನೇ ಬಿಟ್ ಕತ್ತರಿಸಬಹುದು. ಸಾಲು ಮುಗಿಯಿತು ಅಂದುಕೊಂಡು ಎಲ್ಲೋ ಒಂದು ಬೈಟ್ ಬದಲಿಸಬಹುದು. ಬರಹದಲ್ಲಿ ಒಂದು ಅಕ್ಷರ ತಪ್ಪಿದರೆ ಓದಿಕೊಳ್ಳಬಹುದು, ಪಿಡಿಎಫ್ ಆದರೆ ತೆರೆಯುವುದೇ ಇಲ್ಲ. ಅದಕ್ಕೆ 1992ರಲ್ಲಿ ಮೈಮ್ ಅನ್ನುವ ಪದ್ಧತಿ ಬಂತು. ಎಲ್ಲ ಸರ್ವರ್‌ಗಳೂ ಕೆಡಿಸದೆ ದಾಟಿಸುವ 64 ಅಕ್ಷರ ಆರಿಸಿಕೊಂಡರು: ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಜೊತೆಗೆ `+` ಮತ್ತು `/`. ಇದರ ಹೆಸರೇ ಬೇಸ್64. ಈಗಿನ ಸರ್ವರ್‌ಗಳಿಗೆ 8 ಬಿಟ್ ಗೊತ್ತು, ಆದರೂ ಸಾಲಿನ ನಿಯಮ ಹಾಗೇ ಇದೆ. ಹಾಗಾಗಿ ಇದೇ ಪದ್ಧತಿ ನಡೆದುಕೊಂಡು ಬಂದಿದೆ.

64 ಅಕ್ಷರದಲ್ಲಿ ಒಂದನ್ನು ಗುರುತಿಸಲು 6 ಬಿಟ್ ಸಾಕು. ಅಂದರೆ ಮೇಲ್‌ನ ಒಂದು ಅಕ್ಷರ ನಿಮ್ಮ ಫೈಲಿನ 6 ಬಿಟ್ ಮಾತ್ರ ಹೊರುತ್ತದೆ. 3 ಬೈಟ್ ಅಂದರೆ 24 ಬಿಟ್, ಅದನ್ನು ಆರಾರರಂತೆ ಒಡೆದರೆ 4 ಅಕ್ಷರ. ಮೂರು ಹೋಗಿ ನಾಲ್ಕಾಯಿತು. ಕನ್ನಡದಲ್ಲೇ ಇದನ್ನು ಚೆನ್ನಾಗಿ ನೋಡಬಹುದು, ಏಕೆಂದರೆ ಯೂನಿಕೋಡ್ ಬರಹದಲ್ಲಿ ನಮ್ಮ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಚಿಹ್ನೆ ಸಾಮಾನ್ಯವಾಗಿ 3 ಬೈಟ್. ಲಿನಕ್ಸ್ ಇದ್ದರೆ ಹೀಗೆ ಮಾಡಿ:

```
printf ಹಾಸನ | base64
4LK54LK+4LK44LKo
```

ಹ, ಅದರ ದೀರ್ಘ, ಸ, ನ. ನಾಲ್ಕು ಚಿಹ್ನೆ, 12 ಬೈಟ್. ಹೊರಗೆ ಬಂದದ್ದು 16 ಅಕ್ಷರ. ನಾಲ್ಕು ಸಲ `4LK` ಬಂದಿರುವುದು ಕಾಣಿಸ್ತಾ? ಮೇಲ್ ಸೋರ್ಸ್‌ನಲ್ಲಿ ಎಲ್ಲಾದರೂ `4LK` ಸಾಲುಸಾಲಾಗಿ ಕಂಡರೆ ಅದು ಬಹುತೇಕ ಕನ್ನಡ ಬರಹ.

ಈಗ ಮೇಡಂ ಫೈಲಿನ ಲೆಕ್ಕ. ಅದು 76,50,000 ಬೈಟ್ ಇತ್ತು. ವಿಂಡೋಸ್ ಅದನ್ನು 7.29 ಎಂಬಿ ಅಂತ ತೋರಿಸುತ್ತಿತ್ತು. ನಮ್ಮಲ್ಲಿರುವುದು ಪೋಸ್ಟ್‌ಫಿಕ್ಸ್ ಸರ್ವರ್. ಅದರಲ್ಲಿ ಮೊದಲಿಂದ ಬರುವ ಮಿತಿ 1,02,40,000 ಬೈಟ್, ನಾನು ಬದಲಿಸಿರಲಿಲ್ಲ. ಮೂರಕ್ಕೆ ನಾಲ್ಕರ ಲೆಕ್ಕದಲ್ಲಿ ಫೈಲ್ 1,02,00,000 ಆಗುತ್ತದೆ. ಹಿಡಿಸಬೇಕು! 40,000 ಬೈಟ್ ಮಿಕ್ಕುತ್ತದೆ ಕೂಡ. ನಾನು ಇಲ್ಲಿಗೇ ನಿಲ್ಲಿಸಿ, "ಹೋಗಬೇಕಿತ್ತಲ್ಲ ಮೇಡಂ" ಅಂದುಬಿಟ್ಟೆ. ಮಾನ ಹೋಯಿತು.

ಮರೆತದ್ದು ಸಾಲಿನ ಕೊನೆ. ಬೇಸ್64 ಬರಹವನ್ನು 76 ಅಕ್ಷರಕ್ಕೊಮ್ಮೆ ಮುರಿಯಬೇಕು. ಪ್ರತಿ ಮುರಿತಕ್ಕೆ ಕಣ್ಣಿಗೆ ಕಾಣದ 2 ಬೈಟ್ ಸೇರುತ್ತದೆ. ಈ ಫೈಲಿಗೆ 1,34,211 ಸಾಲು ಬೇಕು, ಅಂದರೆ 2,68,422 ಬೈಟ್ ಬರೀ ಸಾಲಿನ ಕೊನೆಗಳು. ಒಟ್ಟು 1,04,68,422. ಮಿತಿ ದಾಟಿತು. ಇದನ್ನೇ ವಿಂಡೋಸ್ ಲೆಕ್ಕದಲ್ಲಿ ಹೇಳಿದರೆ 9.98 ಎಂಬಿ, ನೋಡಿದವರಿಗೆ ಇನ್ನೂ ಹತ್ತರ ಒಳಗೇ! ವಿಂಡೋಸ್‌ನ ಒಂದು ಎಂಬಿ 10,48,576 ಬೈಟ್, ನಮ್ಮ ಸರ್ವರ್‌ನ ಮಿತಿ ಆ ಲೆಕ್ಕದಲ್ಲಿ 9.77 ಎಂಬಿ ಅಷ್ಟೇ. ನಿಮ್ಮ ಕೇಸೂ ಇದೇ ಇರಬೇಕು ಅನ್ನಿಸುತ್ತೆ.

ಹಾಗಾಗಿ 57 ಬೈಟ್ ಫೈಲಿಗೆ 78 ಬೈಟ್ ಮೇಲ್ ಅಂತ ಲೆಕ್ಕ ಇಟ್ಟುಕೊಳ್ಳಿ, ಸುಮಾರು 37 ಪರ್ಸೆಂಟ್ ಜಾಸ್ತಿ. ಸರ್ವರ್‌ನ ಮಿತಿ ಇಡೀ ಮೇಲ್‌ಗೆ ಅಂತಿದ್ದರೆ 10 ಎಂಬಿ ಜಾಗದಲ್ಲಿ ಫೈಲ್ 7.3ಕ್ಕಿಂತ ಕಡಿಮೆ ಇರಬೇಕು, 25ರಲ್ಲಿ 18ರ ಆಸುಪಾಸು. ಕಳಿಸುವವರ ಕಡೆ ಮಿತಿ ದೊಡ್ಡದಿದ್ದು ಪಡೆಯುವವರ ಕಡೆ ಚಿಕ್ಕದಿದ್ದರೂ ವಾಪಸ್ ಬರುತ್ತದೆ. ಯಾರು ತಡೆದರು ಅಂತ ತಿಳಿಯಲು ವಾಪಸ್ ಬಂದ ಮೇಲ್ ಓದಿ. ನಮ್ಮದರಲ್ಲಿ ಸರ್ವರ್ ಹೆಸರಿನ ಜೊತೆ ಹೀಗಿತ್ತು:

```
552 5.3.4 Message size exceeds fixed limit
```

ಜಿಪ್ ಮಾಡಿ ಕಳಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಒಳಗೆ ಇರುವುದು ಆಗಲೇ ಒತ್ತಿ ಕುಗ್ಗಿಸಿದ ಫೋಟೋಗಳು, ಜಿಪ್‌ನಿಂದ ಹೆಚ್ಚೇನೂ ಇಳಿಯಲ್ಲ. ಫೈಲ್ ಕೆಟ್ಟಿತಾ ಅನ್ನುವ ಚಿಂತೆಯೂ ಬೇಡ. ಆ ಕಡೆಯವರು ಡೌನ್‌ಲೋಡ್ ಮಾಡಿದರೆ ಮತ್ತೆ ನಾಲ್ಕು ಮೂರಾಗಿ, ಒಂದು ಬೈಟೂ ಹೆಚ್ಚುಕಮ್ಮಿ ಆಗದೆ ನಿಮ್ಮ ಫೈಲೇ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗ ಸಾಮಾನ್ಯವಾಗಿ ಗುಣವೇ ಇಳಿಯುತ್ತಲ್ಲ, ಇಲ್ಲಿ ಹಾಗಿಲ್ಲ.

ತೋಟದವರು ಕೊನೆಗೆ ಅದೇ ಹಾಳೆಗಳನ್ನು ಕಲರ್ ಬಿಟ್ಟು ಗ್ರೇಸ್ಕೇಲ್‌ನಲ್ಲಿ, 300ರ ಬದಲು 150 ಡಿಪಿಐಗೆ ಇಳಿಸಿ ಮತ್ತೆ ಸ್ಕ್ಯಾನ್ ಮಾಡಿದರು. ಫೈಲ್ ಎರಡು ಎಂಬಿ ಚಿಲ್ಲರೆಗೆ ಬಂತು, ಸರ್ವೆ ನಂಬರ್ ಸಲೀಸಾಗಿ ಓದಬಹುದಿತ್ತು. ಸರ್ವರ್ ಮಿತಿಯನ್ನೂ ನಾನು ಅವತ್ತೇ ಏರಿಸಿದೆ, ಮೇಡಂ ಮತ್ತೆ ಟೇಬಲ್ ಹತ್ತಿರ ಬರುವ ಮೊದಲು.