ಐದು ಸೆಂಟಿಮೀಟರ್ ಗಿಲಕಿ ಫೋಟೋದಲ್ಲಿ ಏಳಾಗುವುದು ಹೇಗೆ

"ಚನ್ನಪಟ್ಟಣದ ಮರದ ಗಿಲಕಿ, ಬಳೆ ಜೋಡಿಸುವ ಆಟಿಕೆ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಅಳತೆ ಬರೆದಿದ್ದರೂ 'ಇಷ್ಟು ಚಿಕ್ಕದಾ' ಅಂತ ವಾಪಸ್ ಕಳಿಸುತ್ತಾರೆ. ಈಗ ಮಗು ಜೊತೆ ಫೋಟೋ ತೆಗೆಸೋಣ ಅಂತಿದ್ದೇನೆ. ನೋಡಲು ಖುಷಿಯಾಗಿರಬೇಕು, ಮೋಸ ಅನ್ನಿಸಬಾರದು. ಹೇಗೆ?"

ನಾನು ಬೆಂಗಳೂರಿನಲ್ಲಿ ಆಟಿಕೆ, ಮಕ್ಕಳ ಬಟ್ಟೆ, ತೊಟ್ಟಿಲು ಇಂಥವುಗಳ ಫೋಟೋ ತೆಗೆಯುವ ಕೆಲಸ ಮಾಡುತ್ತೇನೆ. ನೀವು ಹೇಳಿದ ದೂರು ನನಗೆ ಚೆನ್ನಾಗಿ ಗೊತ್ತು.

ಅಳತೆ ಬರೆದಿದ್ದೀರಿ, ಸರಿ. ಆದರೆ ಫೋನ್ ಹಿಡಿದು ಸರಸರ ಮೇಲೆ ತಳ್ಳುತ್ತಾ ಹೋಗುವವರು ಚಿತ್ರ ನೋಡುತ್ತಾರೆ, ಬೆಲೆ ನೋಡುತ್ತಾರೆ, ಅಷ್ಟೆ. ಚಿತ್ರದಲ್ಲಿ ಗಾತ್ರ ಗೊತ್ತಾಗದಿದ್ದರೆ ಅವರ ಮನಸ್ಸೇ ಒಂದು ಗಾತ್ರ ಊಹಿಸಿಕೊಳ್ಳುತ್ತದೆ. ಆ ಊಹೆ ಯಾವಾಗಲೂ ದೊಡ್ಡದರ ಕಡೆಗೇ ವಾಲುತ್ತದೆ. ಕೊಟ್ಟ ದುಡ್ಡಿಗೆ ತಕ್ಕ ಹಾಗೆ, ಅಲ್ವಾ?

ಮೊದಲ ಫೋಟೋದಲ್ಲಿ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಅಮೆಜಾನ್‌ನ ನಿಯಮವನ್ನೇ ನೋಡಿ. ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಚೌಕಟ್ಟಿನ ಶೇಕಡ 85ರಷ್ಟನ್ನು ವಸ್ತುವೇ ತುಂಬಬೇಕು, ಪಕ್ಕದಲ್ಲಿ ಬೇರೆ ಸಾಮಾನು, ಬರಹ ಏನೂ ಇರಬಾರದು. ಹಾಗಾಗಿ 5 ಸೆಂ.ಮೀ. ಗಿಲಕಿಯೂ 40 ಸೆಂ.ಮೀ. ನೂಕುಗಾಡಿಯೂ ಪರದೆಯ ಮೇಲೆ ಒಂದೇ ಗಾತ್ರ. ಗಾತ್ರ ಹೇಳುವ ಕೆಲಸ ಎರಡನೇ ಫೋಟೋದ್ದು. ಹೆಚ್ಚಿನವರು ಎಡವುವುದು ಅಲ್ಲೇ. ನಾನೂ ಎಡವಿದ್ದೇನೆ.

ನಾಲ್ಕು ವರ್ಷದ ಹಿಂದೆ ಒಬ್ಬರಿಗೆ ಪುಟ್ಟ ಮರದ ಆನೆಯ ಫೋಟೋ ತೆಗೆದುಕೊಟ್ಟೆ. ಎತ್ತರ 5 ಸೆಂ.ಮೀ. "ಕೈಯಲ್ಲಿ ಹಿಡಿದ ಹಾಗೆ ತೆಗೀರಿ, ಗಾತ್ರ ಗೊತ್ತಾಗಲಿ" ಅಂದಿದ್ದರು. ಹಾಗೇ ತೆಗೆದೆ. ಫೋನ್ ಹತ್ತಿರ ಇಟ್ಟಿದ್ದೆ. ಆನೆ ಬೆರಳ ತುದಿಯಲ್ಲಿ ಮುಂದಕ್ಕೆ ಚಾಚಿತ್ತು, ಅಂಗೈ ಹಿಂದೆ ಮಸುಕಾಗಿ ಕಾಣುತ್ತಿತ್ತು. ಬಹಳ ಚೆಂದದ ಫೋಟೋ. ತಿಂಗಳೊಳಗೆ ಒಂದು ವಿಮರ್ಶೆ ಬಂತು: "ಆನೆ ಅಂತ ತರಿಸಿದೆ, ಇಲಿ ಬಂದಿದೆ." ಅವರು ಅದನ್ನು ನನಗೆ ಫಾರ್ವರ್ಡ್ ಮಾಡಿದರು. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

ಆಗ ಕೂತು ಲೆಕ್ಕ ಹಾಕಿದೆ. ಫೋನಿನಿಂದ ಆನೆಗೆ ಸುಮಾರು 25 ಸೆಂ.ಮೀ. ಅಂತರ ಇತ್ತು. ಅಂಗೈ ಅದಕ್ಕಿಂತ 10 ಸೆಂ.ಮೀ. ಹಿಂದೆ, ಅಂದರೆ 35ರಲ್ಲಿ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಎಷ್ಟು ಅಂದರೆ 35ನ್ನು 25ರಿಂದ ಭಾಗಿಸಿದಷ್ಟು, ಅಂದರೆ 1.4 ಪಟ್ಟು. ಕೈಗೆ ಹೋಲಿಸಿ ನೋಡುವವರ ಕಣ್ಣಿಗೆ 5 ಸೆಂ.ಮೀ. ಆನೆ 7 ಸೆಂ.ಮೀ. ಆಗಿತ್ತು. ನಾನು ಎಡಿಟ್ ಮಾಡಿ ಹಿಗ್ಗಿಸಿರಲಿಲ್ಲ. ನಿಂತ ಜಾಗವೇ ಸುಳ್ಳು ಹೇಳಿತ್ತು.

ಪರಿಹಾರ ಸುಲಭ. ಫೋನ್ ಹಿಡಿದು ಎರಡು ಹೆಜ್ಜೆ ಹಿಂದೆ ಹೋಗಿ, ಸುಮಾರು 1.2 ಮೀಟರ್ ದೂರ ನಿಲ್ಲಿ. ಫೋನಿನಲ್ಲಿ 2x ಲೆನ್ಸ್ ಇದ್ದರೆ ಅದನ್ನು ಬಳಸಿ. ಅದೇ 10 ಸೆಂ.ಮೀ. ವ್ಯತ್ಯಾಸ ಈಗ 130ನ್ನು 120ರಿಂದ ಭಾಗಿಸಿದಷ್ಟೇ, ಅಂದರೆ 1.08 ಪಟ್ಟು. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೂ ಒಳ್ಳೆಯದು ಅಂದರೆ ಆಟಿಕೆಯನ್ನು ಅಂಗೈಯ ಮೇಲೇ ಇಟ್ಟು, ಅಂಗೈಯನ್ನು ಕ್ಯಾಮೆರಾಗೆ ನೇರವಾಗಿ ಹಿಡಿಯುವುದು. ಆಗ ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ.

ಸರಿ ಬಂದಿದೆಯಾ ಅಂತ ನೋಡುವುದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಕೈ ಹಿಡಿದವರ ಅಂಗೈ ಅಗಲ ಅಳೆಯಿರಿ, ಏಳೂವರೆ ಸೆಂ.ಮೀ. ಇದೆ ಅನ್ನಿ. 5 ಸೆಂ.ಮೀ. ಆಟಿಕೆ ಅದರ ಮೂರನೇ ಎರಡು ಭಾಗ ಆಗಬೇಕು. ಫೋಟೋವನ್ನು ಪರದೆಯಲ್ಲಿ ತೆರೆದು ಮಕ್ಕಳ ಸ್ಕೇಲ್ ಇಟ್ಟು ಅಳೆಯಿರಿ. ಪರದೆಯಲ್ಲಿ ಅಂಗೈ 6 ಸೆಂ.ಮೀ. ಇದ್ದರೆ ಆಟಿಕೆ 4 ಇರಬೇಕು. ನನ್ನ ಆ ಆನೆ ಫೋಟೋದಲ್ಲಿ ಐದೂವರೆ ದಾಟಿತ್ತು!

ಗಾತ್ರ ತೋರಿಸಲು ದೊಡ್ಡವರ ಕೈಯನ್ನೇ ಬಳಸಿ. ಆರು ತಿಂಗಳ ಮಗುವಿನ ಕೈಯಲ್ಲಿ ಯಾವುದು ಇಟ್ಟರೂ ದೊಡ್ಡದಾಗಿಯೇ ಕಾಣುತ್ತದೆ. ಆ ಕೈ ಎಷ್ಟಿರುತ್ತದೆ ಅನ್ನುವುದು ಮೊದಲ ಸಲ ತಂದೆತಾಯಿ ಆಗುತ್ತಿರುವವರಿಗೆ ಗೊತ್ತೂ ಇರುವುದಿಲ್ಲ. ಪಕ್ಕದಲ್ಲಿ ನಾಣ್ಯ ಇಟ್ಟು ತೆಗೆಯುವವರನ್ನೂ ನೋಡಿದ್ದೇನೆ. ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವ ಸಾಮಾನೇ ಅದು. ಮಗುವಿನ ಆಟಿಕೆ ಪಕ್ಕ ಅದನ್ನು ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ನಿಮ್ಮ ಬಳೆ ಜೋಡಿಸುವ ಆಟಿಕೆ. ಇದರಲ್ಲಿ ಗಾತ್ರದ ಪ್ರಶ್ನೆ ಬರೀ ವಾಪಸಾತಿಯದ್ದಲ್ಲ. ಎಲ್ಲಾ ಬಳೆ ಏರಿಸಿದ ಫೋಟೋ ನೋಡಿದವರಿಗೆ ಇಡೀ ಗೋಪುರ ಕಾಣುತ್ತದೆ, 18 ಸೆಂ.ಮೀ. ಅಂದುಕೊಳ್ಳಿ. ಆದರೆ ಮಗುವಿನ ಬಾಯಿಗೆ ಹೋಗುವುದು ಗೋಪುರ ಅಲ್ಲ, ತುದಿಯ ಗುಂಡು. ಆಟಿಕೆ ಪರೀಕ್ಷೆಯಲ್ಲಿ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಒಳವ್ಯಾಸ 31.7 ಮಿ.ಮೀ., ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಯಾವುದೇ ಬಿಡಿ ಭಾಗ, ಅಥವಾ ಬೀಳಿಸಿದಾಗ ಕಿತ್ತು ಬರುವ ಚೂರು, ಒತ್ತದೆಯೇ ಅದರೊಳಗೆ ಪೂರ್ತಿ ಕೂತರೆ ಆ ಆಟಿಕೆ ಮೂರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ದಪ್ಪ ರಟ್ಟಿನಲ್ಲಿ ಅದೇ ಅಳತೆಯ ಕೊಳವೆ ಮಾಡಿ ಒಮ್ಮೆ ನೀವೇ ಹಾಕಿ ನೋಡಿ. ಅದು ಪ್ರಯೋಗಾಲಯದ ಪರೀಕ್ಷೆಗೆ ಸಮ ಅಲ್ಲ, ಆದರೆ ಯಾವ ಫೋಟೋ ತೆಗೆಯಬಾರದು ಅಂತ ಅದೇ ಹೇಳಿಬಿಡುತ್ತದೆ.

ಗುಂಡು ಒಳಗೆ ಕೂತಿತು ಅನ್ನಿ. ಆಗ ವಿವರಣೆಯಲ್ಲಿ "3+" ಅಂತ ಹಾಕಿ, ಚಿತ್ರದಲ್ಲಿ ಎಂಟು ತಿಂಗಳ ಮಗುವನ್ನು ಕೂರಿಸಿದರೆ ಆಗುವುದಿಲ್ಲ. ನೋಡುವವರು ನಂಬುವುದು ಚಿತ್ರವನ್ನೇ. ಮಾಡೆಲ್ ಮಗುವಿನ ವಯಸ್ಸು ಆಟಿಕೆಯ ವಯಸ್ಸಿಗೆ ಹೊಂದಲೇಬೇಕು. ಒಳಗೆ ಕೂರದೆ ಉಳಿದರೂ ಒಂದು ಫೋಟೋದಲ್ಲಿ ಅತಿ ಚಿಕ್ಕ ಭಾಗವನ್ನು ಬಿಡಿಯಾಗಿ ಅಂಗೈ ಮೇಲಿಟ್ಟು ತೋರಿಸಿ. ಅಮ್ಮಂದಿರು ಆ ಫೋಟೋವನ್ನು ಹಿಗ್ಗಿಸಿ ನೋಡುತ್ತಾರೆ. ನನ್ನ ಅಕ್ಕ ಬೇರೆಲ್ಲ ಬಿಟ್ಟು ಅದನ್ನೇ ಹುಡುಕುತ್ತಾಳೆ.

ಸುರಕ್ಷಿತ ಅಂತ ತೋರಿಸಲು ಕೆಲವರು ಫೋಟೋ ಮೂಲೆಗೆ ಸುಮ್ನೆ ಒಂದು ಹಸಿರು ಮುದ್ರೆ ಅಂಟಿಸುತ್ತಾರೆ. ಬೇಡ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲ ಕೆಲಸಗಾರರಿಗೆ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ನಿಮ್ಮ ಮಾಲು ಯಾವ ಗುಂಪಿಗೆ ಸೇರುತ್ತದೆ ಅಂತ ತಯಾರಿಸುವವರನ್ನು ಕೇಳಿ. ವಿನಾಯಿತಿಯಲ್ಲಿದ್ದರೆ ಆ ಗುರುತು ಚಿತ್ರದಲ್ಲಿ ಬರಲೇಬಾರದು.

ಇನ್ನು ಮಗುವಿನ ಜೊತೆಗಿನ ಫೋಟೋ. ತೊಟ್ಟಿಲಲ್ಲಿ ಮಲಗಿದ ಮಗು, ಸುತ್ತ ದಿಂಬು, ಗೊಂಬೆ, ಪಕ್ಕದಲ್ಲಿ ಗಿಲಕಿ. ಎಲ್ಲರಿಗೂ ಬೇಕು ಅನಿಸುವ ಚಿತ್ರ ಅದು. ಮಕ್ಕಳ ವೈದ್ಯರು ಬೇಡ ಅನ್ನುವುದೂ ಅದನ್ನೇ. ಮಲಗುವ ಜಾಗದಲ್ಲಿ ಮೆತ್ತನೆಯದು, ಬಿಡಿಯಾದದ್ದು ಏನೂ ಇರಬಾರದು, ಉಸಿರು ಕಟ್ಟುವ ಭಯ. ಆದ್ದರಿಂದ ಮಗು ಎಚ್ಚರ ಇರುವಾಗ, ನೆಲದ ಚಾಪೆ ಮೇಲೆ ತೆಗೆಯಿರಿ. ಅಮ್ಮನದೋ ಅಜ್ಜಿಯದೋ ಕೈ ಚೌಕಟ್ಟಿನೊಳಗೆ ಇರಲಿ. ಮಗು ಒಂಟಿಯಾಗಿಲ್ಲ ಅನ್ನುವುದೂ ಕಾಣುತ್ತದೆ, ಗಾತ್ರಕ್ಕೆ ದೊಡ್ಡವರ ಕೈಯೂ ಸಿಗುತ್ತದೆ. ಅಲಂಕಾರಕ್ಕೆ ಅಂತ ಹಾಲಿನ ಬಾಟಲಿ ಇಡಬೇಡಿ. ನಮ್ಮಲ್ಲಿ 1992ರ ಕಾನೂನಿನ ಪ್ರಕಾರ ಹಾಲುಣಿಸುವ ಬಾಟಲಿಯ ಜಾಹೀರಾತಿಗೇ ನಿಷೇಧ ಇದೆ. ಆ ಗೊಡವೆ ಯಾಕೆ?

ಖುಷಿ ಬರುವುದು ಹಲ್ಲಿಲ್ಲದ ಬಾಯಿಯ ನಗುವಿನಿಂದ ಮಾತ್ರ ಅಲ್ಲ. ಮಗು ಆಟಿಕೆಯನ್ನು ಮೊದಲ ಸಲ ನೋಡುವಾಗ ಕಣ್ಣರಳಿಸುತ್ತದಲ್ಲ, ಅದು ಸಾಕು. ಅದಕ್ಕೇ ಆಟಿಕೆಯನ್ನು ಮೊದಲೇ ಕೊಡಬೇಡಿ. ಬೆಳಕು, ಚಾಪೆ, ಕ್ಯಾಮೆರಾ ಎಲ್ಲ ಹೊಂದಿಸಿ ಇನ್ನೊಂದು ಗಿಲಕಿ ಇಟ್ಟು ಫೋಕಸ್ ನೋಡಿಕೊಳ್ಳಿ. ಕೊನೆಗೆ ಹೊಸದನ್ನು ಒರೆಸಿ ಕೈಗೆ ಕೊಡಿ. ಮೊದಲ ಎರಡು ನಿಮಿಷ ನಿಮ್ಮದು. ಆಮೇಲೆ ಅದಕ್ಕೆ ನಿಮ್ಮ ಚಪ್ಪಲಿಯೇ ಚೆಂದ ಕಾಣುತ್ತದೆ. ಬಾಯಿಗೆ ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ಆ ವಯಸ್ಸಿನ ಮಗು ಗಿಲಕಿಯನ್ನು ಬಳಸುವುದೇ ಹಾಗೆ.

ಮಗುವನ್ನು ಕರೆಸುವುದು ಕಷ್ಟ ಅಂತ ಸ್ಟಾಕ್ ಫೋಟೋ ಮೇಲೆ ಆಟಿಕೆ ಅಂಟಿಸಿಕೊಡುವ ಡಿಸೈನರ್‌ಗಳಿದ್ದಾರೆ. ಕೊಟ್ಟರೆ ಹೀಗೆ ಪರೀಕ್ಷಿಸಿ. ಒಂದು ವರ್ಷದ ಮಗು ನಿಂತರೆ ಸುಮಾರು 75 ಸೆಂ.ಮೀ. ಚಿತ್ರದಲ್ಲಿ ಅದು 1500 ಪಿಕ್ಸೆಲ್ ಇದ್ದರೆ ಒಂದು ಸೆಂ.ಮೀ.ಗೆ 20 ಪಿಕ್ಸೆಲ್. ಪಕ್ಕದಲ್ಲಿರುವ ನಿಮ್ಮ 18 ಸೆಂ.ಮೀ. ಗೋಪುರ 360 ಪಿಕ್ಸೆಲ್ ಆಸುಪಾಸಿನಲ್ಲಿರಬೇಕು. ಒಮ್ಮೆ ನನ್ನ ಮುಂದೆ ಬಂದ ಚಿತ್ರದಲ್ಲಿ ಅಷ್ಟೇ ಎತ್ತರದ ಆಟಿಕೆ 600 ಇತ್ತು, ಅಂದರೆ ಮಗುವಿನ ಸೊಂಟದ ಹತ್ತಿರ. "ಚೆನ್ನಾಗಿ ಕಾಣಲಿ ಅಂತ ಸ್ವಲ್ಪ ಜಾಸ್ತಿ ಮಾಡಿದೆ ಮೇಡಂ" ಅಂದ ಹುಡುಗ.

ಕೊನೆಯದಾಗಿ ಬೆಳಕು. ನಿಮ್ಮ ಆಟಿಕೆಗೆ ಇದು ಮುಖ್ಯ. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜುವ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಆಮೇಲೆ ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಹಾಗಾಗಿ ಅದು ಕನ್ನಡಿಯ ಹಾಗೆ, ಗುಂಡಿನ ಮೇಲೆ ಕಿಟಕಿ ಸರಳು, ಫೋನು, ನಿಮ್ಮ ಮುಖ ಎಲ್ಲ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಬಿಳಿ ಚುಕ್ಕೆ ಬಿದ್ದು ಬಣ್ಣ ಸಾಯುತ್ತದೆ. ಕಿಟಕಿಗೆ ಒಂದು ಒಗೆದ ಬಿಳಿ ಪಂಚೆ ಕಟ್ಟಿ, ಎದುರು ಕಡೆ ಥರ್ಮೋಕೋಲ್ ಹಾಳೆ ನಿಲ್ಲಿಸಿ. ಸರಳುಗಳು ಹೋಗಿ ಮೆತ್ತನೆಯ ಒಂದೇ ಹೊಳಪು ಉಳಿಯುತ್ತದೆ. ಎಡಿಟ್‌ನಲ್ಲಿ ಬಣ್ಣದ ಗಾಢತೆ ಏರಿಸಬೇಡಿ. ಕೆಂಪು ಉರಿಯಲು ಶುರುವಾದರೆ ಮುಂದಿನ ವಾಪಸಾತಿ ಬಣ್ಣಕ್ಕೆ ಬರುತ್ತದೆ. ಆಟಿಕೆಯನ್ನು ಪರದೆಯ ಪಕ್ಕದಲ್ಲೇ ಹಗಲು ಬೆಳಕಿನಲ್ಲಿ ಹಿಡಿದು ಹೋಲಿಸಿ, ಆಮೇಲೆ ಅಪ್‌ಲೋಡ್ ಮಾಡಿ.